ವಾರದ ರಿಟರ್ನ್ ವರದಿ: ಜೂನ್ 8ರಿಂದ 14ರವರೆಗೆ ತಲುಪಿದ ಮಾಲು

ಗೆ: ಖರೀದಿ ತಂಡ
ಪ್ರತಿ: ಗೋದಾಮು, ಕ್ಯಾಟಲಾಗ್, ಫೋಟೋ ತಂಡ
ಕಳುಹಿಸಿದ ದಿನ: ಸೋಮವಾರ, ಜೂನ್ 29, 2026

ಎಲ್ಲರಿಗೂ ನಮಸ್ಕಾರ,

ಈ ವಾರ ಒಂದೇ ವಿಷಯ ಓದಲು ಸಮಯವಿದ್ದರೆ PN-207 ಪ್ಯಾಂಟ್ ಬಗ್ಗೆ ಬರೆದಿರುವುದನ್ನು ಓದಿ. ಒಟ್ಟು ರಿಟರ್ನ್ ದರ 12.1%ರಿಂದ 13.5%ಕ್ಕೆ ಏರಿದೆ. ಆ ಒಂದು ಪ್ಯಾಂಟನ್ನು ಬದಿಗಿಟ್ಟು ಲೆಕ್ಕ ಹಾಕಿದರೆ 12.4% ಅಷ್ಟೇ. ಅಂದರೆ ಏರಿಕೆಯ ಮುಕ್ಕಾಲು ಪಾಲು ಅದರದ್ದೇ.

ಹೊಸದಾಗಿ ಸೇರಿದವರಿಗೆ ಲೆಕ್ಕದ ರೀತಿ ಹೇಳಿಬಿಡುತ್ತೇನೆ. ಈ ವಾರ ವಾಪಸ್ ಬಂದ ಪೀಸ್‌ಗಳನ್ನು ಈ ವಾರದ ಮಾರಾಟದಿಂದ ನಾವು ಭಾಗಿಸುವುದಿಲ್ಲ. ಹಾಗೆ ಮಾಡಿದರೆ ಸೇಲ್ ಮುಗಿದ ಮರುವಾರ ಎಲ್ಲ ಮಾಲೂ ಕೆಟ್ಟದಾಗಿ ಕಾಣುತ್ತದೆ. ಮಾರಾಟ ಇಳಿದಿರುತ್ತದೆ, ಸೇಲ್‌ನ ರಿಟರ್ನ್ ಆಗ ಬರುತ್ತಿರುತ್ತದೆ. ಅದಕ್ಕೇ ಒಂದು ವಾರದಲ್ಲಿ ಗ್ರಾಹಕರಿಗೆ ತಲುಪಿದ ಪೀಸ್‌ಗಳನ್ನು ಹಿಡಿದು, 14 ದಿನದ ರಿಟರ್ನ್ ಅವಧಿ ಮುಗಿಯುವವರೆಗೆ ಕಾದು, ಅವುಗಳಲ್ಲೇ ಎಷ್ಟು ವಾಪಸ್ ಬಂದವು ಎಂದು ನೋಡುತ್ತೇವೆ. ಜೂನ್ 14ರಂದು ತಲುಪಿದ್ದರ ಅವಧಿ ನಿನ್ನೆ ಮುಗಿಯಿತು. ವರದಿ ತಡ ಅನಿಸಬಹುದು, ಆದರೆ ಅಂಕಿ ಗಟ್ಟಿ. ಗ್ರಾಹಕರ ಕೈಗೆ ಸಿಗದೇ ಕೊರಿಯರ್‌ನಿಂದಲೇ ವಾಪಸ್ ಬಂದ ಪಾರ್ಸೆಲ್‌ಗಳು ಇದರಲ್ಲಿ ಇಲ್ಲ.

| ವಿಭಾಗ | ತಲುಪಿದ್ದು | ವಾಪಸ್ | ದರ |
|---|---|---|---|
| ಪ್ಯಾಂಟ್ | 1,310 | 298 | 22.7% |
| ಶೂ, ಚಪ್ಪಲಿ | 980 | 206 | 21.0% |
| ಶರ್ಟ್, ಟಾಪ್ | 2,240 | 314 | 14.0% |
| ಬೆಡ್‌ಶೀಟ್, ಪರದೆ | 1,150 | 127 | 11.0% |
| ಗಾಜು, ಪಿಂಗಾಣಿ | 890 | 98 | 11.0% |
| ಬ್ಯಾಗ್ | 760 | 41 | 5.4% |
| ಚಿಕ್ಕ ಎಲೆಕ್ಟ್ರಾನಿಕ್ಸ್ | 1,090 | 53 | 4.9% |
| ಒಟ್ಟು | 8,420 | 1,137 | 13.5% |

ಗ್ರಾಹಕರು ಆರಿಸಿದ ಕಾರಣಗಳು ಹೀಗಿವೆ:

| ಕಾರಣ | ಪೀಸ್ | ಪಾಲು |
|---|---|---|
| ಸೈಜ್ ಚಿಕ್ಕದಾಯಿತು | 351 | 30.9% |
| ಬೇಡವಾಯಿತು | 187 | 16.4% |
| ಚಿತ್ರದಲ್ಲಿ ಇದ್ದಂತಿಲ್ಲ | 172 | 15.1% |
| ಸೈಜ್ ದೊಡ್ಡದಾಯಿತು | 148 | 13.0% |
| ಒಡೆದು ಅಥವಾ ಹಾಳಾಗಿ ಬಂತು | 109 | 9.6% |
| ಕೆಲಸ ಮಾಡುತ್ತಿಲ್ಲ, ಗುಣಮಟ್ಟ ಸರಿಯಿಲ್ಲ | 96 | 8.4% |
| ಬೇರೆ ವಸ್ತು ಬಂತು | 42 | 3.7% |
| ಇತರೆ | 32 | 2.8% |

ಈ ಎರಡನೇ ಪಟ್ಟಿಯನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಜನ ಆ್ಯಪ್‌ನಲ್ಲಿ ಒತ್ತಿದ ಕಾರಣ ಇದು, ನಿಜವಾದ ಕಾರಣವೇ ಆಗಿರಬೇಕು ಅಂತಿಲ್ಲ. ಅವಸರದಲ್ಲಿದ್ದವರು ಮೊದಲು ಕಂಡದ್ದನ್ನು ಒತ್ತಿ ಮುಗಿಸುತ್ತಾರೆ. ಅದಕ್ಕೇ ದರ ಏರಿದ ಮಾಲುಗಳಿಗೆ ಗ್ರಾಹಕರು ಬರೆದ ಮಾತುಗಳನ್ನು ನಾವು ಕೂತು ಓದುತ್ತೇವೆ, ಗೋದಾಮಿನಲ್ಲಿ ಪೀಸ್ ತೆಗೆದು ನೋಡುತ್ತೇವೆ. ಮುಂದೆ ಬರೆದಿರುವುದೆಲ್ಲ ಹಾಗೆ ನೋಡಿದ್ದು.

PN-207, ನೇರ ಕಾಲಿನ ಕಾಟನ್ ಪ್ಯಾಂಟ್, ಕಡು ನೀಲಿ

ತಲುಪಿದ್ದು 312, ವಾಪಸ್ ಬಂದದ್ದು 131. ದರ 42.0%. ಮೂರು ತಿಂಗಳಿಂದ ಇದು 15–16% ಬಿಟ್ಟು ಅಲುಗಾಡಿರಲಿಲ್ಲ.

ಲಾಟ್ ಪ್ರಕಾರ ಬಿಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಹಳೇ ಲಾಟ್‌ನ 74ರಲ್ಲಿ 12 ವಾಪಸ್, 16.2%. ಹೊಸ ಲಾಟ್‌ನ 238ರಲ್ಲಿ 119 ವಾಪಸ್, ಸರಿಯಾಗಿ ಅರ್ಧ. ಆ 119ರಲ್ಲಿ 101 ಜನ "ಸೈಜ್ ಚಿಕ್ಕದು" ಎಂದಿದ್ದಾರೆ.

ಮೊದಲು ನಮಗೂ ಅನಿಸಿದ್ದು ಸೈಜ್ ಲೇಬಲ್ ಅದಲುಬದಲಾಗಿದೆ ಅಂತಲೇ. ಹೊಸ ಲಾಟ್‌ನಿಂದ ಪ್ರತಿ ಸೈಜ್‌ಗೆ ಮೂರರಂತೆ 12 ಪೀಸ್ ತೆಗೆದು ಸೊಂಟ, ತೊಡೆ, ಉದ್ದ ಅಳೆದೆವು. ಎಲ್ಲವೂ ಸೈಜ್ ಚಾರ್ಟ್‌ಗೆ ಅರ್ಧ ಇಂಚಿನೊಳಗೇ ಇವೆ. ಅಳತೆಯಲ್ಲಿ ತಪ್ಪೇ ಇಲ್ಲ.

ಸುಳಿವು ಸಿಕ್ಕಿದ್ದು ಗ್ರಾಹಕರ ಮಾತಿನಲ್ಲಿ. "ಹೋದ ಸಲ ಇದೇ ಸೈಜ್ ತಗೊಂಡಿದ್ದೆ, ಸರಿಯಾಗಿತ್ತು" ಎಂದು ಒಬ್ಬರಲ್ಲ, ಹಲವರು ಬರೆದಿದ್ದಾರೆ. ಆರ್ಡರ್ ಇತಿಹಾಸ ತೆಗೆದರೆ, ಆ 101 ಜನರಲ್ಲಿ 23 ಮಂದಿ ಇದೇ ಪ್ಯಾಂಟನ್ನು ಇದೇ ಸೈಜ್‌ನಲ್ಲಿ ಮೊದಲೇ ಕೊಂಡು ಇಟ್ಟುಕೊಂಡವರು. ಇನ್ನೊಬ್ಬರು "ನಿಂತರೆ ಸರಿ, ಕೂತರೆ ಉಸಿರು ಕಟ್ಟುತ್ತೆ" ಎಂದಿದ್ದಾರೆ. ಆಗ ಎರಡೂ ಲಾಟ್‌ನ ಒಳಲೇಬಲ್ ಅಕ್ಕಪಕ್ಕ ಇಟ್ಟು ನೋಡಿದೆವು. ಹಳೆಯದರಲ್ಲಿ 98% ಕಾಟನ್, 2% ಎಲಾಸ್ಟೇನ್. ಹೊಸದರಲ್ಲಿ 100% ಕಾಟನ್.

ಕೇಳಲು ಎರಡೇ ಎರಡು ಶೇಕಡಾ. ಆದರೆ ಪ್ಯಾಂಟ್ ಬಟ್ಟೆ ಕೂತಾಗ ಸೊಂಟಕ್ಕೆ, ತೊಡೆಗೆ ಹಿಗ್ಗಿಕೊಡುವುದು ಆ ಎರಡರಿಂದಲೇ. ಮೇಜಿನ ಮೇಲೆ ಹಾಸಿ ಟೇಪ್ ಹಿಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಮಾಲು ಬಂದಾಗ ಗೋದಾಮಿನ ತಪಾಸಣೆಯಲ್ಲಿ ಪಾಸ್ ಆದದ್ದೂ ಅದಕ್ಕೇ. ಅವರು ಅಳತೆ, ಹೊಲಿಗೆ, ಬಣ್ಣ ನೋಡುತ್ತಾರೆ. ಒಳಲೇಬಲ್ ಓದುವುದು ಅವರ ಪಟ್ಟಿಯಲ್ಲೇ ಇಲ್ಲ.

ನಮ್ಮ ಲಿಸ್ಟಿಂಗ್‌ನಲ್ಲಿ ಇವತ್ತಿಗೂ "ಸ್ಟ್ರೆಚ್ ಕಾಟನ್" ಎಂದೇ ಇದೆ. ಅಂದರೆ ಇದು ಬರೀ ಸೈಜ್ ದೂರಲ್ಲ, ಹೇಳಿದ್ದೊಂದು ಕೊಟ್ಟದ್ದೊಂದು ಆಗಿದೆ. ರಿಟರ್ನ್ ಹಾಕದೇ ಸುಮ್ನೆ ಬೀರುವಿನಲ್ಲಿ ಇಟ್ಟುಕೊಂಡವರೂ ಇರುತ್ತಾರೆ ಅಲ್ವಾ? ಅವರು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

ನಿಮ್ಮಿಂದ ಬೇಕಾದದ್ದು:

ಹೊಸ ಲಾಟ್‌ನ 640 ಪೀಸ್ ಗೋದಾಮಿನಲ್ಲಿವೆ. ಇಂದೇ ಮಾರಾಟ ನಿಲ್ಲಿಸಲು ನಿಮ್ಮ ಒಪ್ಪಿಗೆ ಕೊಡಿ. ಬಟ್ಟೆ ಬದಲಾಯಿಸಿದ್ದು ಸಪ್ಲೈಯರ್ ತಾವಾಗಿಯೇ ಮಾಡಿದ್ದೋ, ನಮ್ಮ ಕಡೆಯಿಂದ ಯಾರಾದರೂ ಒಪ್ಪಿದ್ದೋ ತಿಳಿಸಿ. ಎರಡನೆಯದಾದರೂ ತಕರಾರಿಲ್ಲ, ಆದರೆ ಅಂಥ ಬದಲಾವಣೆಯ ಸುದ್ದಿ ಕ್ಯಾಟಲಾಗ್ ತಂಡಕ್ಕೆ ಹೋಗಬೇಕಿತ್ತು. ಬಾಕಿ ಇರುವ 900 ಪೀಸ್‌ನ ಆರ್ಡರ್‌ಗೆ ಬಟ್ಟೆ ಇನ್ನೂ ಕತ್ತರಿಸಿಲ್ಲದಿದ್ದರೆ ಹಳೇ ಬಟ್ಟೆಯನ್ನೇ ಬರೆಸಿ. 640 ಪೀಸ್ ವಾಪಸ್ ಕಳಿಸಲು ಆಗದಿದ್ದರೆ ಅವನ್ನು ಬೇರೆ ಕೋಡ್‌ನಲ್ಲಿ, ಬೇರೆ ಸೈಜ್ ಸಲಹೆಯೊಂದಿಗೆ ಹಾಕಬಹುದು. PN-207 ಹೆಸರಿನಲ್ಲಿ ಮಾತ್ರ ಬೇಡ.

GL-042, ಆರು ಗಾಜಿನ ಲೋಟಗಳ ಸೆಟ್

ತಲುಪಿದ್ದು 145, ವಾಪಸ್ 44, ದರ 30.3%. 44ರಲ್ಲಿ 39 ಒಡೆದು ಬಂದವು. ಕೊರಿಯರ್ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎರಡೂ ಗೋದಾಮಿನಿಂದ, ಬೇರೆ ಬೇರೆ ಕೊರಿಯರ್‌ನಲ್ಲಿ ಹೋದವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಒಡೆದಿವೆ. ಗ್ರಾಹಕರು ಕಳಿಸಿದ ಫೋಟೋಗಳಲ್ಲಿ ಒಡೆದದ್ದು ಸಾಮಾನ್ಯವಾಗಿ ಮೂಲೆಯ ಲೋಟ. ಡಬ್ಬಿ ಬಿಚ್ಚಿ ನೋಡಿದರೆ ಲೋಟಗಳ ನಡುವಿನ ರಟ್ಟಿನ ಅಡ್ಡಪಟ್ಟಿ ತೆಳುವಾಗಿದೆ, ಎತ್ತರ ಲೋಟದ ಅರ್ಧಕ್ಕೇ ನಿಂತಿದೆ. ಡಬ್ಬಿಯ ಗೋಡೆಗೂ ಲೋಟಕ್ಕೂ ನಡುವೆ ಏನೂ ಇಲ್ಲ. ಇದು ಸಪ್ಲೈಯರ್ ಕಡೆ ಸರಿಯಾಗಬೇಕಾದ್ದು. ಪೂರ್ತಿ ಎತ್ತರದ ಅಡ್ಡಪಟ್ಟಿ, ಸುತ್ತಲೂ ಒಂದು ರಟ್ಟಿನ ಪದರ ಕೇಳಿ. ಅಲ್ಲಿಯವರೆಗೆ ನಮ್ಮ ಗೋದಾಮಿನವರು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತಾರೆ. ಒಡೆದ ಗಾಜನ್ನು ನಾವು ವಾಪಸ್ ತರಿಸುವುದಿಲ್ಲ, ಹಣ ಮಾತ್ರ ಮರಳಿಸುತ್ತೇವೆ. ಹಾಗಾಗಿ ಈ ಮಾಲಿನಲ್ಲಿ ಒಡೆದು ಬಂದ ಪ್ರತಿ ಸೆಟ್ ಪೂರ್ತಿ ನಷ್ಟ.

ಶೂ ವಿಭಾಗ: 21.0% ನೋಡಿ ಗಾಬರಿ ಬೇಡ

ವಾಪಸ್ ಬಂದ 206 ಜೋಡಿಗಳಲ್ಲಿ 88, ಒಂದೇ ಶೂವನ್ನು ಒಂದೇ ಆರ್ಡರ್‌ನಲ್ಲಿ ಎರಡು ಸೈಜ್ ತರಿಸಿ, ಹಾಕಿ ನೋಡಿ, ಒಂದನ್ನು ಕಳಿಸಿದವು. ಕಾರಣ ಕೆಲವರು ಚಿಕ್ಕದು ಎಂದಿದ್ದಾರೆ, ಕೆಲವರು ದೊಡ್ಡದು, ಕೆಲವರು ಬೇಡವಾಯಿತು. ಮೂರೂ ಸುಳ್ಳಲ್ಲ, ಮೂರರಿಂದಲೂ ನಿಮಗೆ ಉಪಯೋಗವಿಲ್ಲ. ಈ 88ನ್ನು ಎರಡೂ ಕಡೆಯಿಂದ ತೆಗೆದರೆ ಶೂ ದರ 13.2%. ಮಾಲಿನ ಆಯ್ಕೆಗೆ ಆ ಅಂಕಿಯನ್ನೇ ಹಿಡಿಯಿರಿ. ಸಾಗಣೆ ಖರ್ಚಿನ ಲೆಕ್ಕಕ್ಕೆ ಮಾತ್ರ 21.0%.

ಇಲ್ಲೇ ಒಂದು ತಪ್ಪೊಪ್ಪಿಗೆ. ಕಳೆದ ವಾರ ಶೂ ದರ 23.4% ಎಂದು ಬರೆದಿದ್ದೆ. ಸೈಜ್ ಬದಲಾವಣೆ ಕೇಳಿದವರನ್ನು ಎರಡು ಸಲ ಎಣಿಸಿದ್ದೆ. ಸರಿಯಾದ ಅಂಕಿ 20.6%. ಮೇಲೆ ಹೇಳಿದ 12.1% ತಿದ್ದಿದ ನಂತರದ್ದು.

CR-015, ಇಟ್ಟಿಗೆ ಬಣ್ಣದ ಪರದೆ

210ರಲ್ಲಿ 61 ವಾಪಸ್, 29.0%. 47 ಜನ "ಚಿತ್ರದಲ್ಲಿ ಇದ್ದಂತಿಲ್ಲ" ಎಂದಿದ್ದಾರೆ. ಫೋಟೋದಲ್ಲಿ ಕಿತ್ತಳೆ, ಕೈಯಲ್ಲಿ ಕಂದು. ಹಳದಿ ದೀಪದ ಕೆಳಗೆ ತೆಗೆದ ಚಿತ್ರ ಅದು. ಪರದೆಯಲ್ಲಿ ದೋಷವಿಲ್ಲ, ಖರೀದಿಯವರು ಏನೂ ಮಾಡಬೇಕಿಲ್ಲ. ಫೋಟೋ ತಂಡ ಗುರುವಾರ ಹಗಲು ಬೆಳಕಿನಲ್ಲಿ ಮತ್ತೆ ತೆಗೆಯುತ್ತದೆ. ದಯವಿಟ್ಟು ಇದೊಂದು ಅಂಕಿ ನೋಡಿ ಮಾಲು ಕೈಬಿಡಬೇಡಿ.

CH-031, ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್

160ರಲ್ಲಿ 22 ವಾಪಸ್. "ಕೆಲಸ ಮಾಡುತ್ತಿಲ್ಲ" ಎಂದು ಬಂದ 17ನ್ನೂ ಪರೀಕ್ಷಿಸಿದೆವು, 12 ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಡಬ್ಬಿಯಲ್ಲಿ ಅಡಾಪ್ಟರ್ ಬರುವುದಿಲ್ಲ. ಜನ ಮನೆಯಲ್ಲಿದ್ದ ಹಳೇ, ಕಡಿಮೆ ಶಕ್ತಿಯ ಅಡಾಪ್ಟರ್‌ಗೆ ಚುಚ್ಚಿದ್ದಾರೆ. ಯಾವ ಅಡಾಪ್ಟರ್ ಬೇಕು ಎಂದು ಲಿಸ್ಟಿಂಗ್‌ನ ಮೊದಲ ಸಾಲಿಗೇ ತರುತ್ತೇವೆ. ಮುಂದಿನ ಆರ್ಡರ್‌ನಲ್ಲಿ ಅಡಾಪ್ಟರ್ ಸೇರಿಸಿದರೆ ಸಪ್ಲೈಯರ್ ದರ ಎಷ್ಟಾಗುತ್ತದೆ, ಒಮ್ಮೆ ಕೇಳಿ ನೋಡಿ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. TS-064 ಟಿ-ಶರ್ಟ್‌ನ ಸೈಜ್ ಚಾರ್ಟ್ ಜೂನ್ 3ರಂದು ತಿದ್ದಿದ್ದೆವು, ದರ 24%ರಿಂದ 13.9%ಕ್ಕೆ ಇಳಿದಿದೆ (180ರಲ್ಲಿ 25). BG-020 ಬ್ಯಾಗ್ 214ರಲ್ಲಿ ನಾಲ್ಕೇ ವಾಪಸ್, ದಾಸ್ತಾನು ಕಡಿಮೆಯಾಗುತ್ತಿದೆ, ಮರು ಆರ್ಡರ್ ಯೋಚಿಸಿ. EP-009 ಇಯರ್‌ಫೋನ್ 33% ಎಂದು ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪಾಗಿ ಕಾಣುತ್ತದೆ. ಅದು 9ರಲ್ಲಿ 3. ಮೂವತ್ತಕ್ಕಿಂತ ಕಡಿಮೆ ತಲುಪಿದ ಮಾಲಿನ ಶೇಕಡಾವಾರು ಅಂಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀವೂ ಹಿಡಿಯಬೇಡಿ.

ವಾಪಸ್ ಬಂದ 1,137ರಲ್ಲಿ 839 ಮತ್ತೆ ದಾಸ್ತಾನಿಗೆ ಸೇರಿವೆ, 187 ಸೆಕೆಂಡ್ಸ್‌ಗೆ ಹೋಗಿವೆ, 111 ಪೂರ್ತಿ ನಷ್ಟ. PN-207ರ ಹೊಸ ಲಾಟ್‌ನಿಂದ ಬಂದವನ್ನು ದಾಸ್ತಾನಿಗೆ ಸೇರಿಸಿದ್ದು ಈಗ ತಪ್ಪು ಅನಿಸುತ್ತಿದೆ. ಮತ್ತೊಬ್ಬರಿಗೆ ಹೋಗಿ ಮತ್ತೆ ವಾಪಸ್ ಬರುತ್ತವೆ. ಬೇರೆ ಇಡಲು ಗೋದಾಮಿಗೆ ಇವತ್ತು ಬೆಳಿಗ್ಗೆ ಹೇಳಿದ್ದೇನೆ.

PN-207 ಬಗ್ಗೆ ಉತ್ತರ ಇಂದು ಸಂಜೆಯೊಳಗೆ, GL-042 ಬಗ್ಗೆ ಶುಕ್ರವಾರದೊಳಗೆ ಸಿಕ್ಕರೆ ಸಾಕು. ಇಂದೇ ಮಾರಾಟ ನಿಲ್ಲಿಸಿದರೂ ಮುಂದಿನ ವಾರದ ಅಂಕಿ ಚೆನ್ನಾಗಿರುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಜೂನ್ 15ರಿಂದ 21ರ ನಡುವೆ ಇನ್ನೂ 196 ಪ್ಯಾಂಟ್ ತಲುಪಿವೆ. ಅವಧಿ ಮುಗಿಯುವ ಮೊದಲೇ 71 ವಾಪಸ್ ಬಂದಿವೆ.

ವಂದನೆಗಳೊಂದಿಗೆ,
ರಿಟರ್ನ್ಸ್ ವಿಭಾಗದಿಂದ