ನೂರೈದು ಬಾಕ್ಸ್

ರಾತ್ರಿ ಹನ್ನೊಂದಕ್ಕೆ ಕೋಲಾರದ ಡೂಂಲೈಟ್ ಸರ್ಕಲ್ ಬಳಿಯ ಆ ಎರಡನೇ ಮಹಡಿಯಲ್ಲಿ ಭವ್ಯ ಒಬ್ಬಳೇ ಉಳಿದಿದ್ದಳು. ಬೆಳಿಗ್ಗೆ ಐದಕ್ಕೆ ಆ್ಯಪ್ ಎಪಿಎಂಸಿ ಮಾರುಕಟ್ಟೆಯಲ್ಲಿ ಶುರುವಾಗಬೇಕು. ಟೊಮೆಟೊ ತರುವ ರೈತ ಎಷ್ಟು ಬಾಕ್ಸ್ ಎಂದು ತನ್ನ ಫೋನಿನಲ್ಲೇ ಹಾಕುತ್ತಾನೆ, ಮಂಡಿಯಲ್ಲಿ ಅದೇ ಲೆಕ್ಕದ ಚೀಟಿ ಬರುತ್ತದೆ. ಸಂಜೆಯೇ ಕೋಡ್ ಫ್ರೀಜ್ ಆಗಿತ್ತು. ಇನ್ನು ಯಾರೂ ಒಂದು ಸಾಲನ್ನೂ ಮುಟ್ಟಬಾರದು ಎಂದು ರಘು ಸರ್ ಹೇಳಿ ಹೋಗಿದ್ದರು.

ಅವಳು ಉಳಿದದ್ದು ಕೆಲಸಕ್ಕಲ್ಲ. ಮುಳಬಾಗಿಲ ಕಡೆಯ ಊರಿಂದ ಅಪ್ಪ ಅದೇ ರಾತ್ರಿ ಟೊಮೆಟೊ ಕಳಿಸುತ್ತಿದ್ದರು. ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದಳು. ಸುಮ್ಮನೆ ಕೇಳೋಣವೆಂದು ಫೋನ್ ಮಾಡಿದಳು.

"ಅಪ್ಪಾ, ಹಾಕಿದ್ಯಾ?"

"ಗಾಡಿಗೆ ಲೋಡ್ ಮಾಡಿಸ್ತಾ ಇದ್ದೆ ಕಣಮ್ಮ. ಹಾಕಿದೆ. ಆದರೆ ನೂರೈದು ಬಾಕ್ಸ್ ಅಂದರೆ ಇದು ಒಂದು ಅಂತ ತೋರಿಸ್ತದೆ."

"ಒಂದಾ?"

"ಒಂದು ಬಾಕ್ಸ್, ಹದಿನೈದು ಕೆ.ಜಿ. ನಂದೇ ತಪ್ಪಿರಬೇಕು ಬಿಡು. ಕಣ್ಣು ಸರಿ ಕಾಣ್ಸಲ್ಲ."

ಭವ್ಯಳ ಕೈ ತಣ್ಣಗಾಯಿತು. ಅಪ್ಪನ ಲೆಕ್ಕದ ಪುಸ್ತಕ ಅವಳಿಗೆ ಗೊತ್ತು. ಇಪ್ಪತ್ತು ವರ್ಷದಿಂದ ಎಲ್ಲವೂ ಕನ್ನಡ ಅಂಕಿಯಲ್ಲೇ. ಫೋನಿನಲ್ಲೂ ಹಾಗೇ ಒತ್ತುತ್ತಾರೆ. ಅವರು ತಪ್ಪು ಒತ್ತಿರಲಾರರು.

ತನ್ನ ಫೋನಿನಲ್ಲಿ ೯೮ ಎಂದು ಹಾಕಿದಳು. ಸರಿ. ೯೯. ಸರಿ. ೧೦೦ ಎಂದು ಹಾಕಿದಳು. ಒಂದು. ೯೦ ಹಾಕಿದರೆ ಒಂಬತ್ತು. ಇಂಗ್ಲಿಷ್ ಅಂಕಿಯಲ್ಲಿ 100 ಹಾಕಿದರೆ ಸರಿಯಾಗಿ ನೂರೇ ಬಂತು. ಕಚೇರಿಯಲ್ಲಿ ಪರೀಕ್ಷೆ ಮಾಡಿದವರೆಲ್ಲ ಇಂಗ್ಲಿಷ್ ಅಂಕಿಯನ್ನೇ ಬಳಸಿದ್ದರು. ಕನ್ನಡದಲ್ಲಿ ನೋಡಿದ್ದು ಅವಳೊಬ್ಬಳೇ, ಅದೂ ೨೫, ೪೮, ೧೧೨. ಒಂದರಲ್ಲೂ ಸೊನ್ನೆ ಇರಲಿಲ್ಲ.

ಫೈಲ್ ತೆರೆದಳು.

```js
const KN = "ಂ೧೨೩೪೫೬೭೮೯";
const toNum = s =>
  parseInt(s.replace(/[೦-೯]/g, c => KN.indexOf(c)));
```

ಓದಿದಳು, ಮತ್ತೆ ಓದಿದಳು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಇವೆ. ಒಂದೊಂದೇ ಅಕ್ಷರದ ಯೂನಿಕೋಡ್ ಸಂಖ್ಯೆ ಕೇಳುತ್ತ ಹೋದಳು. ಮೊದಲನೆಯದಕ್ಕೆ `c82` ಎಂದು ಬಂತು. ಅಂಕಿಯ ಸೊನ್ನೆ `ce6` ಇರಬೇಕಿತ್ತು.

ಅದು ಅಂಕಿಯೇ ಅಲ್ಲ, ಅನುಸ್ವಾರ. ಒಂದನೇ ಕ್ಲಾಸಿನಲ್ಲಿ ಮೇಡಂ "ಮ-ಗೆ ಸೊನ್ನೆ ಕೊಟ್ಟರೆ ಮಂ" ಎಂದು ಸ್ಲೇಟಿನ ಮೇಲೆ ದುಂಡಗೆ ಬರೆಸಿದ್ದ ಅದೇ ಸೊನ್ನೆ. ಹೆಸರೂ ಒಂದೇ, ರೂಪವೂ ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ. ನಿಜವಾದ ಸೊನ್ನೆ ಪಟ್ಟಿಯಲ್ಲಿ ಸಿಗದೆ ಅದರ ಜಾಗಕ್ಕೆ -1 ಬಂದು, ೧೦೫ ಎಂಬುದು `1-15` ಆಗುತ್ತಿತ್ತು. `parseInt` ಆ ಗೆರೆಯವರೆಗೆ ಓದಿ ನಿಂತುಬಿಡುತ್ತಿತ್ತು. ಎರರ್ ಇಲ್ಲ, ಕೆಂಪು ಸಾಲಿಲ್ಲ. ಬಾಕ್ಸಿಗೆ ಮುನ್ನೂರು ರೂಪಾಯಿ ಸಿಕ್ಕರೂ ಮೂವತ್ತೊಂದೂವರೆ ಸಾವಿರದ ಜಾಗದಲ್ಲಿ ಚೀಟಿಯ ಮೇಲೆ ಮುನ್ನೂರು.

ಆ ಸಾಲು ಬರೆದವಳು ಅವಳೇ. ಸೇರಿ ನಾಲ್ಕು ತಿಂಗಳಾಗಿತ್ತು. ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು, ಹಾಗೆ ಮಾಡಲು ಬೇಕಾದ ಅನುಮತಿಯೂ ಅವಳ ಲಾಗಿನ್‌ಗೆ ಇತ್ತು. ಎರಡು ನಿಮಿಷ ಕರ್ಸರ್ ನೋಡುತ್ತ ಕೂತಳು. ಆಮೇಲೆ ಫೋನ್ ತೆಗೆದುಕೊಂಡಳು.

"ಸರ್, ಕನ್ನಡ ಸೊನ್ನೆ ಓದ್ತಾ ಇಲ್ಲ. ಪಟ್ಟಿಯಲ್ಲಿ ತಪ್ಪು ಅಕ್ಷರ ಹಾಕಿದೀನಿ. ನಾನೇ ಹಾಕಿದ್ದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ತಿದ್ದು. ಆದರೆ ನಾನು ನೋಡೋವರೆಗೂ ಮೇಲೆ ಹಾಕಬೇಡ. ಬಂದೆ."

ರಘು ಸರ್ ಮಂಕಿ ಕ್ಯಾಪ್ ಹಾಕಿಕೊಂಡೇ ಸ್ಕೂಟರಿನಲ್ಲಿ ಬಂದರು. ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಇದನ್ನ ಪಾಸ್ ಮಾಡಿದವನು ನಾನು," ಎಂದರು. "ನನಗೂ ಕಾಣಲಿಲ್ಲ ಭವ್ಯ." ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು, ಸೊನ್ನೆಯಿಂದ ಐನೂರರವರೆಗಿನ ಪ್ರತಿ ಸಂಖ್ಯೆಯನ್ನೂ ಕನ್ನಡದಲ್ಲಿ ಕೊಟ್ಟು ನೋಡುವ ಟೆಸ್ಟ್ ಅವಳ ಕೈಯಲ್ಲೇ ಬರೆಸಿದರು. ಎಲ್ಲ ಹಸಿರಾದಾಗ ಎರಡೂಕಾಲು.

ಐದಕ್ಕೆ ಅವಳು ಮಾರುಕಟ್ಟೆಯ ಗೇಟಿನಲ್ಲಿ ನಿಂತಿದ್ದಳು. ಗಾಡಿಗಳ ಸಾಲು, ಬಾಕ್ಸ್ ಇಳಿಸುವವರ ಕೂಗು, ಅಂತರಗಂಗೆ ಬೆಟ್ಟದ ಕಡೆಯಿಂದ ಬೀಸುವ ತಣ್ಣನೆ ಗಾಳಿ. ಅಪ್ಪ ಗಾಡಿಯಿಂದ ಇಳಿದು, ಟವೆಲ್ಲಿನಿಂದ ಕೈ ಒರೆಸಿಕೊಂಡು ಫೋನ್ ತೆಗೆದರು. ಒಂದೊಂದೇ ಅಂಕಿ ನಿಧಾನವಾಗಿ ಒತ್ತಿದರು. ಒಳಗೆ ಹೋಗಿ ಚೀಟಿ ಹಿಡಿದುಕೊಂಡು ಬಂದು, ಬೀದಿದೀಪದ ಕೆಳಗೆ ದೂರ ಹಿಡಿದು ಓದಿದರು.

"ನೂರೈದು ಬಾಕ್ಸ್. ಸಾವಿರದ ಐನೂರ ಎಪ್ಪತ್ತೈದು ಕೆ.ಜಿ."

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡರು.

"ರಾತ್ರಿ ಮಲಗಿಲ್ವೇನಮ್ಮ? ಬಾ, ಟೀ ಕುಡಿಯೋಣ."