ಕೆವೈಸಿ ನವೀಕರಣ: ವಿಳಾಸ ಮತ್ತು ಹೆಸರು ಸರಿಪಡಿಸಲು ಬ್ಯಾಂಕ್ ಮ್ಯಾನೇಜರ್ ಅವರಿಗೆ ಪತ್ರ

ದಿನಾಂಕ: 12 ಜನವರಿ 2026
ಮುಂಬೈ

ಇವರಿಂದ:
ಲಕ್ಷ್ಮಿ ವಾಸುದೇವ ಉಡುಪ
ಫ್ಲ್ಯಾಟ್ 1103, ಬಿ ವಿಂಗ್, ಗಣೇಶ್ ಭುವನ್ ಸೊಸೈಟಿ
ತೆಲಂಗ್ ರಸ್ತೆ, ಮಾಟುಂಗಾ ಪೂರ್ವ
ಮುಂಬೈ 400019

ಇವರಿಗೆ:
ಮಾನ್ಯ ಮ್ಯಾನೇಜರ್ ಅವರು
ಮಾಟುಂಗಾ ಪೂರ್ವ ಶಾಖೆ
ಮುಂಬೈ 400019

ವಿಷಯ: ಉಳಿತಾಯ ಖಾತೆ (ಕೊನೆಯ ನಾಲ್ಕು ಅಂಕೆ 4172) ಮತ್ತು ಅದೇ ಗ್ರಾಹಕ ಸಂಖ್ಯೆಯಲ್ಲಿರುವ ಎರಡು ಎಫ್‌ಡಿಗಳ ಕೆವೈಸಿ ನವೀಕರಣ. ವಿಳಾಸ ಬದಲಾವಣೆ, ಹೆಸರು ತಿದ್ದುಪಡಿ.

ಮಾನ್ಯರೇ,

ನಮಸ್ಕಾರ. ಕಳೆದ ವಾರ ಕೌಂಟರಿನ ಹತ್ತಿರ ನೀವು ಒಬ್ಬ ಹಿರಿಯರ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿದೆ. ಅದಕ್ಕೇ ಈ ಪತ್ರವನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂತು. ಬ್ಯಾಂಕಿನ ಕೆವೈಸಿ ಫಾರ್ಮನ್ನು ಇಂಗ್ಲಿಷಿನಲ್ಲೇ ತುಂಬಿ ಇದರ ಜೊತೆ ಪಿನ್ ಮಾಡಿದ್ದೇನೆ. ಆದರೆ ನನ್ನ ವಿಷಯ ಆ ಫಾರ್ಮಿನ ಚೌಕಗಳಲ್ಲಿ ಹಿಡಿಯುವುದಿಲ್ಲ. ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ನಾನು ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. 1987ರಲ್ಲಿ ಕೆಲಸಕ್ಕೆ ಸೇರಿದ ತಿಂಗಳೇ ಈ ಶಾಖೆಯಲ್ಲಿ ಖಾತೆ ತೆರೆದೆ. 2022ರಲ್ಲಿ ನಿವೃತ್ತಳಾದೆ. ಪಿಂಚಣಿ ಬರುವುದು ಇದೇ ಖಾತೆಗೆ. ಮನೆ ಖರ್ಚು, ಔಷಧಿ, ಸೊಸೈಟಿಯ ಮೇಂಟೆನೆನ್ಸ್ ಎಲ್ಲ ಇಲ್ಲಿಂದಲೇ ಹೋಗುತ್ತದೆ. ನನಗೆ ಬೇರೆ ಖಾತೆ ಇಲ್ಲ.

ಹಿಂದಿನ ಸಲ ಕೆವೈಸಿ ಕೊಟ್ಟದ್ದು 2015ರ ಡಿಸೆಂಬರಿನಲ್ಲಿ. ನನ್ನಂಥ ಸಾಮಾನ್ಯ ಖಾತೆಗಳಿಗೆ ಹತ್ತು ವರ್ಷಕ್ಕೊಮ್ಮೆ ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆಯಲ್ವಾ, ಆ ಲೆಕ್ಕದಲ್ಲಿ ಈಗ ಸಮಯ ಬಂದಿದೆ. ಡಿಸೆಂಬರಿನಲ್ಲಿ ಮೊಬೈಲಿಗೆ ಮೆಸೇಜ್ ಬಂದಿತ್ತು, ಜೊತೆಗೊಂದು ಲಿಂಕ್ ಇತ್ತು. ಕೆವೈಸಿ ಹೆಸರಿನಲ್ಲಿ ಲಿಂಕ್ ಕಳಿಸಿ ಮೋಸ ಮಾಡುವವರು ಜಾಸ್ತಿಯಾಗಿರುವುದರಿಂದ ಅದನ್ನು ಒತ್ತಲಿಲ್ಲ. ಮರುದಿನವೇ ಶಾಖೆಗೆ ಬಂದು ಕೇಳಿದೆ. ಮೆಸೇಜ್ ನಿಮ್ಮದೇ ಎಂದು ಅಲ್ಲಿ ಗೊತ್ತಾಯಿತು.

ಆಗಲೇ ಕೌಂಟರಿನವರು ನನ್ನ ಫೈಲಿನಿಂದ ಒಂದು ಲಕೋಟೆ ತೆಗೆದು ತೋರಿಸಿದರು. ಬ್ಯಾಂಕ್ ನನಗೆ ಕಳಿಸಿದ್ದ ಕೆವೈಸಿ ನೆನಪೋಲೆ ಅದು, ತಿರುಗಿ ಬಂದಿತ್ತು. ಮೇಲೆ ಪೋಸ್ಟ್‌ಮ್ಯಾನ್ ಕೆಂಪು ಶಾಯಿಯಲ್ಲಿ ಮರಾಠಿಯಲ್ಲಿ ಬರೆದಿದ್ದರು: ‘ಇಮಾರತ್ ಪಾಡಲೀ ಆಹೇ’. ಕಟ್ಟಡ ಕೆಡವಿದ್ದಾರೆ ಎಂದು. ಅದನ್ನು ಓದಿ ಒಂದು ಗಳಿಗೆ ಸುಮ್ನೆ ನಿಂತುಬಿಟ್ಟೆ. ಪೋಸ್ಟ್‌ಮ್ಯಾನ್ ಬರೆದದ್ದು ಸರಿ. ಬ್ಯಾಂಕಿಗೆ ಹೇಳಬೇಕಿದ್ದವಳು ನಾನು, ಹೇಳಿರಲಿಲ್ಲ. ಅದು ನನ್ನ ತಪ್ಪು.

ವಿಳಾಸದ ವಿಷಯ ಹೀಗಿದೆ. ನಿಮ್ಮ ದಾಖಲೆಯಲ್ಲಿರುವುದು ಹಳೆಯ ಗಣೇಶ್ ಭುವನ್, ಎರಡನೇ ಮಹಡಿ, ಖೋಲಿ ನಂಬರ್ 9. ಆ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. 2021ರ ಜೂನಿನಲ್ಲಿ ನಾವು ಮನೆ ಖಾಲಿ ಮಾಡಿ, ಬಿಲ್ಡರ್ ಕೊಡುತ್ತಿದ್ದ ಬಾಡಿಗೆ ಹಣದಲ್ಲಿ ಡೊಂಬಿವಲಿ ಪೂರ್ವದಲ್ಲಿ ಇದ್ದೆವು. ಮೂರು ವರ್ಷದಲ್ಲಿ ವಾಪಸ್ ಬರುತ್ತೇವಲ್ಲ, ತಾತ್ಕಾಲಿಕ ವಿಳಾಸ ಯಾಕೆ ಕೊಡುವುದು ಎಂದುಕೊಂಡೆವು. ಮೂರು ಹೋಗಿ ನಾಲ್ಕು ವರ್ಷ ದಾಟಿತು. 2025ರ ನವೆಂಬರಿನಲ್ಲಿ ಹೊಸ ಕಟ್ಟಡಕ್ಕೆ ಬಂದೆವು. ಜಾಗ ಅದೇ, ರಸ್ತೆ ಅದೇ, ಸೊಸೈಟಿಯ ಹೆಸರೂ ಅದೇ. ಬದಲಾದದ್ದು ಮನೆ ನಂಬರ್, ಮಹಡಿ ಮತ್ತು ವಿಂಗ್. ಇಷ್ಟೇ ಅಂತ ಕಂಡರೂ, ಬರೀ ‘ಗಣೇಶ್ ಭುವನ್’ ಎಂದು ಬರೆದರೆ ಈಗ ಎರಡು ವಿಂಗಿನಲ್ಲಿ ಕಾಗದ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಆದ್ದರಿಂದ ಪತ್ರದ ಮೇಲ್ಭಾಗದಲ್ಲಿರುವ ವಿಳಾಸವನ್ನು ಬಿ ವಿಂಗ್ ಮತ್ತು 1103 ಬಿಡದೆ ಪೂರ್ತಿ ದಾಖಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಖಾಯಂ ವಿಳಾಸ, ಪತ್ರವ್ಯವಹಾರದ ವಿಳಾಸ ಎರಡೂ ಇದೇ. ಡೊಂಬಿವಲಿಯ ವಿಳಾಸ ನಿಮ್ಮಲ್ಲಿ ಎಲ್ಲೂ ಸೇರುವುದು ಬೇಡ.

ಹೊಸ ವಿಳಾಸಕ್ಕೆ ಆಧಾರ್ ನಕಲು ಕೊಟ್ಟಿದ್ದೇನೆ. ಆಧಾರಿನಲ್ಲಿ ವಿಳಾಸ ಬದಲಾದದ್ದು 22 ಡಿಸೆಂಬರ್ 2025ಕ್ಕೆ. ದಾಖಲೆ ಬದಲಾದ 30 ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು ಎಂಬ ನಿಯಮದ ಒಳಗೇ ಈ ಪತ್ರ ಬರುತ್ತಿದೆ. ನಕಲಿನಲ್ಲಿ ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕೆಗಳನ್ನು ಕಪ್ಪು ಮಾಡಿದ್ದೇನೆ, ಹಾಗೆ ಕೊಡಬಹುದು ಎಂದು ನಿಮ್ಮ ಸಿಬ್ಬಂದಿಯೇ ಹೇಳಿದರು. ಮೂಲ ಕಾರ್ಡ್ ಕೈಯಲ್ಲಿ ತಂದಿದ್ದೇನೆ, ತಾಳೆ ನೋಡಿ ವಾಪಸ್ ಕೊಡಿ. ಕರೆಂಟ್ ಬಿಲ್ ಕೊಟ್ಟಿಲ್ಲ, ಏಕೆಂದರೆ ಹೊಸ ಕಟ್ಟಡದಲ್ಲಿ ಬೆಸ್ಟ್ ಮೀಟರ್ ಇನ್ನೂ ಬಿಲ್ಡರ್ ಹೆಸರಿನಲ್ಲೇ ಇದೆ. ಹೆಸರು ವರ್ಗಾವಣೆಗೆ ಅರ್ಜಿ ಹಾಕಿದ್ದೇವೆ. ಪೈಪ್ ಗ್ಯಾಸಿನ ಬಿಲ್ ನನ್ನ ಹೆಸರಿನಲ್ಲಿ ಬರುತ್ತಿದೆ. ಡಿಸೆಂಬರ್ ತಿಂಗಳ ಆ ಬಿಲ್ಲನ್ನು ಹೆಚ್ಚಿನ ಪುರಾವೆಯಾಗಿ ಸೇರಿಸಿದ್ದೇನೆ. ವೋಟರ್ ಕಾರ್ಡಿನಲ್ಲಿ ಇನ್ನೂ ಹಳೆಯ ಖೋಲಿ ನಂಬರ್ ಇದೆ, ದಯವಿಟ್ಟು ಅದನ್ನು ಪರಿಗಣಿಸಬೇಡಿ.

ಇನ್ನು ಹೆಸರು. ಇದು ವಿಳಾಸಕ್ಕಿಂತ ಹಳೆಯ ತೊಡಕು. ಈ ಸಲ ಇದು ಸರಿಯಾಗಲೇಬೇಕು ಎಂದು ನನ್ನ ಮನಸ್ಸಿನಲ್ಲಿದೆ.

1987ರ ಪಾಸ್‌ಬುಕ್ಕಿನಲ್ಲಿ ನಾನು K. LAKSHMI. ಇಲ್ಲಿ ಕೆ ಎಂದರೆ ತಂದೆಯ ಹೆಸರಲ್ಲ, ಮನೆತನದ ಹೆಸರೂ ಅಲ್ಲ. ಅದು ನನ್ನ ಊರು ಕೋಟೇಶ್ವರ. ನಮ್ಮ ಕಡೆ ಊರಿನ ಮೊದಲ ಅಕ್ಷರವನ್ನು ಹೆಸರಿನ ಮುಂದೆ ಹಾಕಿಕೊಳ್ಳುವುದು ರೂಢಿ, ನಿಮಗೆ ಹೇಳಬೇಕಾಗಿಲ್ಲ. ಮುಂಬೈಯಲ್ಲಿ ಇದನ್ನು ಎಷ್ಟು ಕಿಟಕಿಗಳ ಮುಂದೆ ವಿವರಿಸಿದ್ದೇನೋ ಲೆಕ್ಕವಿಲ್ಲ. 1991ರಲ್ಲಿ ಮದುವೆಯಾದ ಮೇಲೆ ಬ್ಯಾಂಕಿನಲ್ಲಿ ಕೊನೆಗೆ ಒಂದು ಪದ ಸೇರಿಸಿ K. LAKSHMI UDUPA ಎಂದು ಮಾಡಿದರು. ಅದೇ ಇವತ್ತಿಗೂ ನಿಮ್ಮ ಕಂಪ್ಯೂಟರಿನಲ್ಲಿದೆ. ಶಾಲೆಯಲ್ಲಿ ಮಾತ್ರ ಇಲ್ಲಿನ ಪದ್ಧತಿಯಂತೆ ಸ್ವಂತ ಹೆಸರು, ಗಂಡನ ಹೆಸರು, ಮನೆತನದ ಹೆಸರು ಎಂದು ಬರೆದರು. ‘ಕ್ಷ’ಕ್ಕೆ ಮಹಾರಾಷ್ಟ್ರದಲ್ಲಿ ಎಕ್ಸ್ ಹಾಕುವುದೇ ಹೆಚ್ಚು. ಹಾಗಾಗಿ ಸೇವಾ ಪುಸ್ತಕದಲ್ಲಿ LAXMI VASUDEV UDUPA ಆದೆ. ಪ್ಯಾನ್, ಆಧಾರ್, ಪಿಂಚಣಿ ಆದೇಶ ಮೂರರಲ್ಲೂ ಅದೇ ಹೆಸರು, ಒಂದಕ್ಷರ ಆಚೀಚೆ ಇಲ್ಲ. ಬೇರೆಯಾಗಿ ಉಳಿದಿರುವುದು ಬ್ಯಾಂಕ್ ಖಾತೆಯ ಹೆಸರೊಂದೇ. ಅದನ್ನೂ LAXMI VASUDEV UDUPA ಎಂದೇ ಮಾಡಿಕೊಡಿ.

2015ರಲ್ಲೂ ಪ್ಯಾನ್ ನಕಲು ಕೊಟ್ಟು ಇದನ್ನೇ ಕೇಳಿದ್ದೆ. ನಕಲು ಫೈಲಿಗೆ ಸೇರಿತು, ಹೆಸರು ಬದಲಾಗಲಿಲ್ಲ. ಅಂದಿನ ಸಿಬ್ಬಂದಿಯನ್ನು ದೂರುತ್ತಿಲ್ಲ. ಆಗ ನನ್ನ ಹತ್ತಿರ ಎರಡು ಹೆಸರನ್ನು ಜೋಡಿಸುವ ಕಾಗದ ಇರಲಿಲ್ಲ. ಈಗ ಇದೆ. ಮದುವೆ ನೋಂದಣಿ ಪ್ರಮಾಣಪತ್ರದಲ್ಲಿ ಮದುವೆಗೆ ಮುಂಚಿನ ಹೆಸರು K. LAKSHMI ಎಂದೂ, ನಂತರದ್ದು LAXMI VASUDEV UDUPA ಎಂದೂ ಸ್ಪಷ್ಟವಾಗಿದೆ. ಅದರ ಸ್ವದೃಢೀಕೃತ ನಕಲು ಇಟ್ಟಿದ್ದೇನೆ. ಜೊತೆಗೆ, ಈ ಮೂರು ರೂಪದಲ್ಲಿರುವವಳೂ ನಾನೊಬ್ಬಳೇ ಎಂದು ಸಹಿ ಮಾಡಿದ ಘೋಷಣೆ ಇದೆ.

ಬದಲಾಗದೆ ಉಳಿದಿರುವುದು ಸಹಿ. ಖಾತೆ ತೆರೆದ ದಿನ ಮಾದರಿ ಸಹಿಯ ಕಾರ್ಡಿನಲ್ಲಿ ಕನ್ನಡದಲ್ಲೇ ‘ಲಕ್ಷ್ಮಿ’ ಎಂದು ಹಾಕಿದ್ದೆ. ಇವತ್ತೂ ಹಾಗೇ ಹಾಕುತ್ತೇನೆ. ಕನ್ನಡದಲ್ಲಿ ಬರೆದಾಗ ನನ್ನ ಹೆಸರಿಗೆ ಎರಡು ಕಾಗುಣಿತ ಇಲ್ಲ. ನಿಮ್ಮ ಸಿಸ್ಟಮ್ಮಿನಲ್ಲಿರುವ ಹಳೆಯ ಸಹಿಯನ್ನೂ ಈ ಪತ್ರದ ಕೆಳಗಿನ ಸಹಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ‘ಕ್ಷ್ಮಿ’ಯ ಕೊನೆಯ ಗೆರೆ ಬಲಕ್ಕೆ ಬಾಗುವ ರೀತಿ ಕೂಡ ಒಂದೇ. ಸಹಿ ಬದಲಿಸಬೇಕಾಗಿಲ್ಲ, ಅದನ್ನೇ ಮುಂದುವರಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಶಿಕ್ಷಕಿಗೆ ಬೇರೊಂದು ಬ್ಯಾಂಕಿನಲ್ಲಿ ಹೆಸರು ತಾಳೆಯಾಗದೆ ಖಾತೆ ತಡೆಹಿಡಿದರು. ಪಿಂಚಣಿ ಜಮೆ ಆಗುತ್ತಿತ್ತು, ತೆಗೆಯಲು ಆಗುತ್ತಿರಲಿಲ್ಲ. ಎರಡು ತಿಂಗಳು ಮಗಳ ಹತ್ತಿರ ಕೈಚಾಚಬೇಕಾಯಿತು. ಮೂವತ್ತು ವರ್ಷ ದುಡಿದವರಿಗೆ ಅದು ಸಣ್ಣ ನೋವಲ್ಲ, ಸರ್. ನನ್ನ ಅರ್ಜಿಯಲ್ಲಿ ಏನಾದರೂ ಕೊರತೆ ಕಂಡರೆ ಖಾತೆ ತಡೆಯುವ ಮೊದಲು ಒಂದು ಫೋನ್ ಮಾಡಿಸಿ. ಅದೇ ದಿನ ಬಂದು ಕೊಡುತ್ತೇನೆ, ಮನೆಯಿಂದ ಶಾಖೆಗೆ ಹತ್ತು ನಿಮಿಷದ ದಾರಿ. ಮೊಬೈಲ್ ನಂಬರ್ ಹಳೆಯದೇ, ಬದಲಾಗಿಲ್ಲ. ಇಮೇಲ್ ಇಲ್ಲ.

ವಿಳಾಸ ಪರಿಶೀಲನೆಗೆ ಪತ್ರ ಕಳಿಸುವುದಾದರೆ ಅಥವಾ ಯಾರನ್ನಾದರೂ ಮನೆಗೆ ಕಳಿಸುವುದಾದರೆ ಸಂತೋಷ. ಬೆಳಿಗ್ಗೆ ಹನ್ನೊಂದರ ನಂತರ ಮನೆಯಲ್ಲೇ ಇರುತ್ತೇನೆ. ಕೆಳಗೆ ವಾಚ್‌ಮನ್ ಹತ್ತಿರ ಬಿಟ್ಟುಹೋಗದಂತೆ ಮಾತ್ರ ಹೇಳಿ. ಅವರು ಹೊಸಬರು, ಎಲ್ಲರ ಹೆಸರು ಇನ್ನೂ ಗೊತ್ತಿಲ್ಲ. ಕೇಂದ್ರ ಕೆವೈಸಿ ದಾಖಲೆಯಲ್ಲೂ ಹೊಸ ಹೆಸರು ಮತ್ತು ವಿಳಾಸ ಸೇರುವಂತೆ ನಿಮ್ಮ ಕಡೆಯಿಂದ ಕಳಿಸಿಕೊಡಿ.

ಇನ್ನೊಂದು ಮಾತು. ಖಾತೆಗೆ ನಾಮಿನಿಯಾಗಿ ನನ್ನ ಪತಿಯ ಹೆಸರಿದೆ. ಅವರು 2023ರ ಮಾರ್ಚಿನಲ್ಲಿ ಡೊಂಬಿವಲಿಯಲ್ಲಿ ತೀರಿಕೊಂಡರು. ಈ ಹೊಸ ಮನೆ ಅವರು ನೋಡಲಿಲ್ಲ. ಅವರ ಜಾಗದಲ್ಲಿ ಮಗ ಮತ್ತು ಮಗಳ ಹೆಸರು ಸೇರಿಸಬೇಕು. ಈಗ ಒಂದಕ್ಕಿಂತ ಹೆಚ್ಚು ನಾಮಿನಿ ಇಡಬಹುದಲ್ವಾ. ಅದಕ್ಕೆ ಬೇರೆ ಫಾರ್ಮ್ ಇದೆ ಎಂದು ಗೊತ್ತಿದೆ. ಮೊದಲು ನನ್ನ ಹೆಸರು ಸರಿಯಾಗಲಿ, ಆಮೇಲೆ ಮರಣ ಪ್ರಮಾಣಪತ್ರದ ಜೊತೆ ಅದನ್ನು ತುಂಬಿ ಕೊಡುತ್ತೇನೆ.

ಪಾಸ್‌ಬುಕ್ಕಿನ ಮೊದಲ ಪುಟ, ಪ್ಯಾನ್, ಆಧಾರ್, ಮದುವೆ ಪ್ರಮಾಣಪತ್ರ, ಪಿಂಚಣಿ ಆದೇಶ ಮತ್ತು ಗ್ಯಾಸ್ ಬಿಲ್ಲಿನ ನಕಲುಗಳು, ಒಂದು ಹೊಸ ಫೋಟೋ, ಘೋಷಣೆ, ತುಂಬಿದ ಫಾರ್ಮ್ ಇದರ ಜೊತೆಗಿವೆ. ಪೂರ್ತಿ ಖಾತೆ ಸಂಖ್ಯೆ ಪಾಸ್‌ಬುಕ್ ನಕಲಿನಲ್ಲಿದೆ. ಎಲ್ಲ ನಕಲಿನ ಮೇಲೂ ಸಹಿ ಮಾಡಿ, ‘ಕೆವೈಸಿಗೆ ಮಾತ್ರ, 12-1-2026’ ಎಂದು ಅಡ್ಡಲಾಗಿ ಬರೆದಿದ್ದೇನೆ.

ಈ ಪತ್ರದ ಎರಡು ಪ್ರತಿ ತಂದಿದ್ದೇನೆ. ಒಂದರ ಮೇಲೆ ಬ್ಯಾಂಕಿನ ಸೀಲು, ದಿನಾಂಕ, ತೆಗೆದುಕೊಂಡವರ ಸಹಿ ಹಾಕಿ ನನಗೆ ಕೊಡಿಸಿ. ನವೀಕರಣ ಮುಗಿದ ದಿನ ಲಿಖಿತ ಸ್ವೀಕೃತಿ ಕೊಡಿ. ಹೊಸ ಹೆಸರಿನಲ್ಲಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಳ್ಳಲು ನಾನೇ ಬರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,

ಲಕ್ಷ್ಮಿ
(ಲಕ್ಷ್ಮಿ ವಾಸುದೇವ ಉಡುಪ)