ಪೋಷಣಾ ಮೌಲ್ಯಮಾಪನ: ಬಾಣಂತಿ, 24 ವರ್ಷ, ಹೆರಿಗೆಯಾಗಿ 10 ವಾರ

ತೂಕ 41 ಕೆಜಿ, ಎತ್ತರ 154 ಸೆಂ.ಮೀ., ಬಿಎಂಐ 17.3. ಗರ್ಭಕ್ಕೆ ಮುಂಚೆ 46 ಕೆಜಿ. ಹಿಮೋಗ್ಲೋಬಿನ್ 9.8. ಎದೆಹಾಲು ಮಾತ್ರ, ಮಗು 2.6ರಿಂದ 4.4 ಕೆಜಿಗೆ ಏರಿದೆ. ಹಾಲು ಸಾಕಷ್ಟಿದೆ, ಸವೆಯುತ್ತಿರುವುದು ತಾಯಿ.

ನಿನ್ನೆಯ ಆಹಾರ: ಅನ್ನ, ಮೆಣಸಿನ ಸಾರು, ತುಪ್ಪ, ಮೂರು ಲೋಟ ಟೀ. ಸುಮಾರು 1350 ಕ್ಯಾಲೊರಿ, ಪ್ರೋಟೀನ್ 32 ಗ್ರಾಂ. ಸಸ್ಯಾಹಾರಿ. ಬಾಣಂತನದ ಪಥ್ಯವೆಂದು ಸೊಪ್ಪು, ಮೊಸರು, ಹಣ್ಣು ಬಂದ್.

ಬೇಕಿರುವುದು: 1660 + ಹಾಲೂಡಿಕೆಗೆ 600 + ತೂಕ ಏರಲು 250, ಅಂದರೆ ಸುಮಾರು 2500 ಕ್ಯಾಲೊರಿ, ಪ್ರೋಟೀನ್ 63 ಗ್ರಾಂ. ಒಮ್ಮೆಲೇ ಬೇಡ, ವಾರಕ್ಕೆ 300ರಂತೆ ಏರಿಸಿ.

ನೀರು: ಈಗ 1.2 ಲೀಟರ್, ಮೂತ್ರ ಕಡು ಹಳದಿ, ಮಲಬದ್ಧತೆ. ಗುರಿ 2.5–3 ಲೀಟರ್; ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ. ‘ನೀರು ಕುಡಿದರೆ ಮಗುವಿಗೆ ಶೀತ’ ಎಂಬ ಅತ್ತೆಯವರ ಆತಂಕವನ್ನು ಅವರೆದುರೇ ಮಾತಾಡಿ ಬಗೆಹರಿಸಬೇಕು.

ಕೊರತೆ: ಕಬ್ಬಿಣ, ಕ್ಯಾಲ್ಸಿಯಂ (ಗುರಿ 1200 ಮಿ.ಗ್ರಾಂ.), ವಿಟಮಿನ್ ಎ, ಬಿ12 ಶಂಕೆ. ತಾಯಿಯಲ್ಲಿ ಬಿ12 ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ, ಆದ್ದರಿಂದ ಇದನ್ನು ಮುಂದೂಡುವಂತಿಲ್ಲ. ಕಬ್ಬಿಣದ ಮಾತ್ರೆ ತಂದಿದ್ದಾರೆ, ಆದರೆ ಟೀ ಜೊತೆ ನುಂಗುತ್ತಾರೆ, ಹೀರಿಕೆ ತೀರಾ ಕಡಿಮೆಯಾಗುತ್ತದೆ.

ಯೋಜನೆ: 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ, ನುಗ್ಗೆ ಸೊಪ್ಪಿನ ಬಸ್ಸಾರು, ಎರಡು ಹೊತ್ತು ಗಟ್ಟಿ ಬೇಳೆ, 500 ಮಿ.ಲೀ. ಹಾಲು-ಮೊಸರು, ಕಡಲೆಬೀಜದ ಚಿಕ್ಕಿ. ಕಬ್ಬಿಣದ ಮಾತ್ರೆ ನಿಂಬೆ ಪಾನಕದೊಂದಿಗೆ. ಕ್ಯಾಲ್ಸಿಯಂ ಎರಡು ಗಂಟೆ ಬಿಟ್ಟು. ಚಿಕಿತ್ಸೆಯ ಪ್ರಮಾಣ ವೈದ್ಯರು ನಿರ್ಧರಿಸಲಿ. ಬಿ12, ಟಿಎಸ್‌ಎಚ್ ಪರೀಕ್ಷೆ. ಕೆಮ್ಮು, ಜ್ವರ ಇದ್ದರೆ ಕ್ಷಯ ತಪಾಸಣೆ. ಎರಡು ವಾರಕ್ಕೆ ಮರುತೂಕ.